ಮುಗಿಯದ ಚಿಕಿತ್ಸೆ, ಮುಗಿಯುವ ಪಾಲಿಸಿ

ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲದ ಮನೆ ಸಿಗುವುದು ಕಷ್ಟ. ಕಿಡ್ನಿ ಕೈಕೊಡುವುದು ಹೆಚ್ಚಾಗಿ ಈ ಎರಡರ ದಾರಿಯಲ್ಲೇ. ಆಮೇಲೆ ಕೇಳಿಬರುವ ಮಾತು ಒಂದೇ: "ಇನ್ಶೂರೆನ್ಸ್ ಇದೆಯಲ್ಲಾ, ನೋಡಿಕೊಳ್ಳುತ್ತದೆ." ಒಂದು ಸಲದ ಆಪರೇಷನ್ ಆದರೆ ಈ ಮಾತು ಬಹುಮಟ್ಟಿಗೆ ನಿಜ. ಡಯಾಲಿಸಿಸ್ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಉಳಿದರ್ಧ ಏನು ಎಂದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ವರ್ಷ ತುಂಬುವ ಮೊದಲೇ ಬರಿಗೈಯಾಗುತ್ತವೆ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಊರು ಬಿಟ್ಟು ಕಲಬುರಗಿ ಕಡೆ ವ್ಯಾಪಾರಕ್ಕೆ ಹೋದ ಒಬ್ಬರು ಕಮಲಾಪುರದಲ್ಲಿ ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳಿ. ವಯಸ್ಸು 52. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ನಾಲ್ವರಿಗೆ 5 ಲಕ್ಷ ರೂಪಾಯಿಯ ಒಂದೇ ಪಾಲಿಸಿ. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ, ಸುಮಾರು 35 ಕಿಲೋಮೀಟರ್ ದೂರದ ಕಲಬುರಗಿಗೆ ಹೋಗಿ ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗಬೇಕು.

ಖಾಸಗಿ ಆಸ್ಪತ್ರೆಯಲ್ಲಿ ಒಂದು ಸಿಟ್ಟಿಂಗ್‌ಗೆ 2,000 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 104 ಸಿಟ್ಟಿಂಗ್, ಅಂದರೆ 2,08,000. ರಕ್ತ ಹೆಚ್ಚಿಸುವ ಇಂಜೆಕ್ಷನ್, ರಕ್ತ ಪರೀಕ್ಷೆ ಸೇರಿ ತಿಂಗಳಿಗೆ 6,000 ಹಾಕಿದರೆ 72,000. ಕೈಯಲ್ಲಿ ಫಿಸ್ಟುಲಾ ಮಾಡಿಸಲು 40,000. ಫಿಸ್ಟುಲಾ ಬಲಿಯುವವರೆಗೆ ಕುತ್ತಿಗೆಯಲ್ಲಿ ಹಾಕಿದ ನಳಿಕೆಗೆ ಸೋಂಕು ತಗಲಿ ಒಂದು ಸಲ ಅಡ್ಮಿಟ್ ಆದರೆ 1,20,000. ಒಟ್ಟು 4,40,000. ಉಳಿದ ಮೂವರಿಗೆ ಇಡೀ ವರ್ಷಕ್ಕೆ ಪಾಲಿಸಿಯಲ್ಲಿ ಉಳಿಯುವುದು 60,000. ಡಾಕ್ಟರು ವಾರಕ್ಕೆ ಮೂರು ಸಲ ಎಂದರೆ ಲೆಕ್ಕ 5,44,000ಕ್ಕೆ ಹೋಗುತ್ತದೆ. ವರ್ಷ ಮುಗಿಯುವ ಮೊದಲೇ ಪಾಲಿಸಿ ಮುಗಿಯುತ್ತದೆ. ಖಾಲಿಯಾದ ಮೊತ್ತವನ್ನು ಮತ್ತೆ ತುಂಬಿಕೊಡುತ್ತೇವೆ ಎಂದು ಏಜೆಂಟರು ಹೇಳುವುದುಂಟು. ಅನೇಕ ಪಾಲಿಸಿಗಳಲ್ಲಿ ಹಾಗೆ ತುಂಬುವ ಹಣ ಅದೇ ವರ್ಷ, ಅದೇ ಕಾಯಿಲೆಗೆ ಸಿಗುವುದಿಲ್ಲ. ಈ ಒಂದು ಸಾಲನ್ನು ಪಾಲಿಸಿ ಪುಸ್ತಕದಲ್ಲಿ ಹುಡುಕಿ ಓದಲೇಬೇಕು.

ಇನ್ನು ಬಿಲ್ಲಿನ ವಿಷಯ. ಆಸ್ಪತ್ರೆಯಲ್ಲಿ 24 ಗಂಟೆ ಇದ್ದರೆ ಮಾತ್ರ ಹಣ ಎಂಬುದು ವಿಮೆಯ ಹಳೆಯ ನಿಯಮ. ನಾಲ್ಕು ಗಂಟೆಯ ಡಯಾಲಿಸಿಸ್‌ಗೆ 'ಡೇ ಕೇರ್' ಎಂಬ ವಿನಾಯಿತಿ ಇದೆ. ಹಾಗಾಗಿ ಕಂಪನಿಯ ಕಣ್ಣಿಗೆ ನಮ್ಮ ರೋಗಿ ಒಂದೇ ಕಾಯಿಲೆಯ ಒಬ್ಬ ಮನುಷ್ಯ ಅಲ್ಲ; ವರ್ಷಕ್ಕೆ 104 ಸಲ ಅಡ್ಮಿಟ್ ಆಗಿ 104 ಸಲ ಡಿಸ್ಚಾರ್ಜ್ ಆದವನು. ಪ್ರತಿ ಸಲಕ್ಕೂ ಬೇರೆ ಅನುಮತಿ, ಬೇರೆ ಬಿಲ್, ಬೇರೆ ಪ್ರಶ್ನೆ. ಹಣ ಸಿಕ್ಕಿಬೀಳುವುದು ಇಲ್ಲಿಯೇ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕ್ಯಾಶ್‌ಲೆಸ್ ಸಿಗದ ಕಡೆ ಮನೆಯವರು ಕೈಯಿಂದ ಕಟ್ಟುತ್ತಾರೆ, ರಸೀದಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡುತ್ತಾರೆ, ನಾಲ್ಕು ತಿಂಗಳಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತಾರೆ. ಆದರೆ ಆರೋಗ್ಯ ಸಂಜೀವಿನಿಯಂಥ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ 30 ದಿನದೊಳಗೆ ಕಾಗದ ತಲುಪಬೇಕು. ಡಯಾಲಿಸಿಸ್‌ನಲ್ಲಿ ಪ್ರತಿ ಸಿಟ್ಟಿಂಗ್ ಒಂದು ಡಿಸ್ಚಾರ್ಜ್. ಅಂದರೆ ನಾಲ್ಕು ತಿಂಗಳ ಕಟ್ಟಿನಲ್ಲಿ ಮೊದಲ ಮೂರು ತಿಂಗಳಿನದು ಆಗಲೇ ತಡವಾಗಿರುತ್ತದೆ. ಕೇವಲ ತಡವಾಯಿತೆಂದು ನ್ಯಾಯವಾದ ಕ್ಲೇಮ್ ತಿರಸ್ಕರಿಸಬಾರದು, ತಡಕ್ಕೆ ಕಾರಣ ನೋಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಆ ವಾದಕ್ಕೆ ಇಳಿಯುವ ಬದಲು ಹದಿನೈದು ದಿನಕ್ಕೊಮ್ಮೆ, ತಪ್ಪಿದರೆ ತಿಂಗಳಿಗೊಮ್ಮೆ ಕಳಿಸುವುದೇ ಲೇಸು.

ಎರಡನೆಯದು, ಬಿಲ್ಲಿನಲ್ಲಿ ಏನಿದೆ ಎಂಬುದು. "ಡಯಾಲಿಸಿಸ್ 8 ಸಲ, 16,000" ಎಂದು ಒಂದೇ ಸಾಲು ಬರೆದ ಬಿಲ್ ತಂದರೆ ಪ್ರಶ್ನೆ ಬಂದೇ ಬರುತ್ತದೆ. ಆ ಎಂಟೂ ತಾರೀಖು, ಪ್ರತಿ ದಿನದ ಮೊತ್ತ ಬೇರೆ ಬೇರೆ ಇರಬೇಕು. ಮೆಷಿನ್‌ಗೆ ಹಾಕಿದ ಹೊತ್ತು, ತೆಗೆದ ಹೊತ್ತು, ಮೊದಲಿನ ತೂಕ, ನಂತರದ ತೂಕ, ಬಿ.ಪಿ. ಬರೆದ ಚಾರ್ಟ್ ಪ್ರತಿ ಸಿಟ್ಟಿಂಗ್‌ಗೂ ಆಸ್ಪತ್ರೆಯಲ್ಲಿ ಇರುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ಚಿಕಿತ್ಸೆ ನಿಜವಾಗಿ ನಡೆದಿದೆ ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ವಾರಕ್ಕೆ ಎಷ್ಟು ಸಲ ಬೇಕು ಎಂದು ಕಿಡ್ನಿ ಡಾಕ್ಟರು ಬರೆದ ಚೀಟಿಯೂ ಜೊತೆಗಿರಲಿ. ರಕ್ತದ ಇಂಜೆಕ್ಷನನ್ನು ಹೊರಗಿನ ಮೆಡಿಕಲ್‌ನಲ್ಲಿ ತಂದು ಮನೆಯಲ್ಲಿ ಹಾಕಿಸಿಕೊಂಡರೆ ಅದು ಹೊರರೋಗಿ ಖರ್ಚು ಎಂದು ಕಡಿತವಾಗುವ ಸಾಧ್ಯತೆ ಹೆಚ್ಚು. ಡಾಕ್ಟರು ಒಪ್ಪಿದರೆ ಡಯಾಲಿಸಿಸ್ ದಿನವೇ ಆಸ್ಪತ್ರೆಯಲ್ಲಿ ಹಾಕಿಸಿ, ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮತ್ತೊಂದು: ರಕ್ತ ಸೋಸುವ ಡಯಲೈಸರನ್ನು ತೊಳೆದು ಅದೇ ರೋಗಿಗೆ ಮತ್ತೆ ಬಳಸುವ ಪದ್ಧತಿ ಎಷ್ಟೋ ಕಡೆ ಇದೆ. ಹಾಗಿದ್ದೂ ಪ್ರತಿ ಬಿಲ್ಲಿನಲ್ಲಿ ಹೊಸ ಡಯಲೈಸರಿನ ಹಣ ಹಾಕಿದ್ದರೆ ಕೇಳುವ ಹಕ್ಕು ನಮಗಿದೆ. ಯಾಕೆಂದರೆ ಕರಗುವುದು ನಮ್ಮದೇ 5 ಲಕ್ಷ.

ಹಣ ಸಿಕ್ಕಿಬಿದ್ದಾಗ ಮನೆಯವರು ಮಾಡುವ ದೊಡ್ಡ ಅಪಾಯದ ಕೆಲಸ ಎಂದರೆ ಒಂದು ಸಿಟ್ಟಿಂಗ್ ಬಿಡುವುದು. "ಈ ಸಲ ಬೇಡ, ಸೋಮವಾರ ಹೋಗೋಣ" ಎನ್ನುತ್ತಾರೆ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಕಮಲಾಪುರದ ಹೆಸರುವಾಸಿ ಕೆಂಪು ಬಾಳೆಹಣ್ಣು ಕೂಡ ಅಂಥ ರೋಗಿಗೆ ಅಪಾಯ, ಅದರಲ್ಲೂ ಪೊಟ್ಯಾಸಿಯಂ ತುಂಬಿದೆ. ಮಲಗಿದರೆ ಉಸಿರು ಕಟ್ಟುವುದು, ಕಾಲು ಬಲಹೀನವಾಗುವುದು, ಎದೆಬಡಿತ ಏರುಪೇರಾಗುವುದು ಕಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಆಗ ಐಸಿಯು ಖರ್ಚನ್ನು ಅದೇ ಕಂಪನಿ ಒಪ್ಪುತ್ತದೆ, ಅದು 24 ಗಂಟೆ ದಾಟಿದ ಅಡ್ಮಿಷನ್ ಅಲ್ಲವೇ! 2,000ದ ಬಿಲ್ಲನ್ನು ಎಳೆದಾಡಿ ಐಸಿಯು ಬಿಲ್ ಕಟ್ಟುವುದರಲ್ಲಿ ಕಂಪನಿಗೂ ಲಾಭವಿಲ್ಲ. ಆದ್ದರಿಂದ ಡಯಾಲಿಸಿಸ್‌ಗೆ ಸಿಟ್ಟಿಂಗ್ ಲೆಕ್ಕದಲ್ಲಿ ಅಲ್ಲದೆ ಮೂರು ತಿಂಗಳಿಗೊಮ್ಮೆ ಒಂದೇ ಅನುಮತಿ, ತಿಂಗಳಿಗೊಮ್ಮೆ ತಾರೀಖುವಾರು ಒಂದೇ ಬಿಲ್ ಎಂಬ ಪದ್ಧತಿಯನ್ನು ಎಲ್ಲ ಕಂಪನಿಗಳಿಗೂ ಪ್ರಾಧಿಕಾರ ಕಡ್ಡಾಯ ಮಾಡಬೇಕು. ಕಿಡ್ನಿ ಈ ತಿಂಗಳು ಹಾಳಾಗಿ ಮುಂದಿನ ತಿಂಗಳು ಸರಿಯಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವಾಗ ವಾರಕ್ಕೆರಡು ಸಲ ಅದನ್ನು ಸಾಬೀತು ಮಾಡಿಸುವುದು ಯಾವ ನ್ಯಾಯ?

ಅದು ಆಗುವವರೆಗೆ ನನ್ನ ಸಲಹೆ ಸ್ಪಷ್ಟ. ಸರಕಾರಿ ಜಾಗ ಸಿಗುವುದಾದರೆ ಪಾಲಿಸಿಯನ್ನು ದಿನನಿತ್ಯದ ಸಿಟ್ಟಿಂಗ್‌ಗೆ ಸುರಿಯಬೇಡಿ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ಅದು ಉಚಿತ. ಕಲಬುರಗಿಯಲ್ಲಿ ಮೊದಲು ವಿಚಾರಿಸಬೇಕಾದ್ದು ಜಿಮ್ಸ್. ಸರದಿ ಇದ್ದರೆ ಹೆಸರು ಬರೆಸಿ, ಜಾಗ ಆಗುವವರೆಗೆ ಮಾತ್ರ ಖಾಸಗಿಗೆ ಹೋಗಿ. ಹೋಟೆಲಲ್ಲಿ, ಅಂಗಡಿಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ದುಡಿಯುವ ನಮ್ಮ ಹುಡುಗರಿಗೆ ಇಎಸ್‌ಐ ಕಟ್ಟಿದ್ದರೆ ಕಲಬುರಗಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಇಎಸ್‌ಐನಲ್ಲಿ ಚಿಕಿತ್ಸೆಗೆ 5 ಲಕ್ಷ, 10 ಲಕ್ಷ ಎಂಬ ಮಿತಿ ಇಲ್ಲ; ಎಷ್ಟು ಕಾಲ ಚಂದಾ ಕಟ್ಟಿದ್ದಾರೆ ಎಂಬ ಷರತ್ತು ಮಾತ್ರ ನೋಡಿಕೊಳ್ಳಬೇಕು. ತಂದೆ ತಾಯಿ ಮಗನ ಮೇಲೆ ಅವಲಂಬಿತರಾಗಿದ್ದರೆ ಅವರ ಹೆಸರೂ ಕಾರ್ಡಿನಲ್ಲಿ ಇರಬಹುದು. ಹತ್ತು ಜನಕ್ಕಿಂತ ಹೆಚ್ಚು ಕೆಲಸಗಾರರನ್ನು ಇಟ್ಟುಕೊಂಡು ಇಎಸ್‌ಐ ಕಟ್ಟದ ನಮ್ಮ ಮಾಲೀಕರು ಈ ಮಾತನ್ನು ಎರಡು ಸಲ ಓದಲಿ.

ಹೀಗೆ ಸಿಟ್ಟಿಂಗ್ ಸರಕಾರಿ ಕಡೆ ನಡೆದರೆ ನಮ್ಮ ಉದಾಹರಣೆಯ ಮನೆಯಲ್ಲಿ 2,08,000 ಹಾಗೆಯೇ ಉಳಿಯುತ್ತದೆ. ಫಿಸ್ಟುಲಾ, ಸೋಂಕು, ಹೃದಯದ ತೊಂದರೆ, ಮುಂದೊಂದು ದಿನ ಕಿಡ್ನಿ ಕಸಿ: ಪಾಲಿಸಿ ಬೇಕಾಗುವುದು ಅದಕ್ಕೆ. ಜಮಾಅತಿನಿಂದ, ನೆಂಟರಿಂದ ಬರುವ ನೆರವನ್ನೂ ಹೀಗೆಯೇ ನೋಡಬೇಕು. ಕಮಲಾಪುರದಿಂದ ಹೋಗಿ ಬರುವ ಬಸ್ಸು, ಆಟೋ ಖರ್ಚನ್ನು, ಜೊತೆಗೆ ಹೋದವರ ಒಂದು ದಿನದ ಕೂಲಿಯನ್ನು ಯಾವ ವಿಮೆಯೂ ಕೊಡುವುದಿಲ್ಲ. ನೆರವಿನ ಹಣ ಮೊದಲು ಅಲ್ಲಿಗೆ ಮುಟ್ಟಲಿ, ಆಮೇಲೆ ಪಾಲಿಸಿಯ ಕಂತಿಗೆ.

ಕಂತಿನ ಮಾತು ಯಾಕೆಂದರೆ, ಪಾಲಿಸಿ ಒಮ್ಮೆ ಕೈಬಿಟ್ಟರೆ ಕಿಡ್ನಿ ರೋಗಿಗೆ ಅದು ಮತ್ತೆ ಸಿಗುವುದು ಬಹಳ ಕಷ್ಟ. ಹೊಸ ಪಾಲಿಸಿ ಕೊಡುವಾಗ ಕಂಪನಿ ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ. ಆದರೆ ಇರುವ ಪಾಲಿಸಿಯನ್ನು, ಹಿಂದಿನ ವರ್ಷ ಹೆಚ್ಚು ಕ್ಲೇಮ್ ಮಾಡಿದಿರಿ ಎಂಬ ಕಾರಣಕ್ಕೆ ನವೀಕರಿಸದೆ ಇರುವಂತಿಲ್ಲ. ನವೀಕರಣದ ದಿನ 5 ಲಕ್ಷ ಮತ್ತೆ ಪೂರ್ತಿಯಾಗುತ್ತದೆ.

ಇನ್ನೂ ಕಿಡ್ನಿ ಚೆನ್ನಾಗಿರುವವರು ಪಾಲಿಸಿ ಫಾರಂ ತುಂಬುವಾಗ ಸಕ್ಕರೆ, ಬಿ.ಪಿ.ಯನ್ನು ಮುಚ್ಚಿಡಬೇಡಿ. 2024ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಹೇಳಿ ಮೂರು ವರ್ಷ ಕಾದರೆ ಹಣ ಸಿಗುತ್ತದೆ. ಮುಚ್ಚಿಟ್ಟರೆ ಐದು ವರ್ಷದೊಳಗೆ ಬಂದ ಮೊದಲ ಡಯಾಲಿಸಿಸ್ ಬಿಲ್ಲಿಗೇ ಹಳೆಯ ಚೀಟಿ ಹುಡುಕಿ ಪಾಲಿಸಿಯನ್ನೇ ರದ್ದು ಮಾಡಬಹುದು.

ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ, ಪಾಲಿಸಿಯ ಯಾವ ಷರತ್ತಿನಂತೆ ಎಂಬುದರ ಸಮೇತ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಫೀಸು ಇಲ್ಲ, ವಕೀಲರು ಬೇಕಿಲ್ಲ. ಅಲ್ಲಿ ಕೇಳುವುದೂ ಅದೇ ತಾರೀಖುವಾರು ಬಿಲ್ಲು, ಅದೇ ಡಯಾಲಿಸಿಸ್ ಚಾರ್ಟು. ಪ್ಲಾಸ್ಟಿಕ್ ಚೀಲದ ಬದಲು ಇವತ್ತೇ ಒಂದು ಫೈಲ್ ತನ್ನಿ, ಮನೆಯಲ್ಲಿ ಓದು ಬಲ್ಲ ಒಬ್ಬ ಮಗಳಿಗೋ ಮಗನಿಗೋ ಅದರ ಜವಾಬ್ದಾರಿ ಕೊಡಿ.