ಚಾರ್ಟು ನಲ್ಲಿಯ ಪಕ್ಕದಲ್ಲಿರಲಿ

ಗಂಧಕಾಮ್ಲದ ಅಪಾಯದ ಬಗ್ಗೆ ನೀವು ಒಂದಿಡೀ ಪೀರಿಯಡ್ ಪಾಠ ಮಾಡಿರುತ್ತೀರಿ. ಅದನ್ನೇ ಚಾರ್ಟಿಗೆ ಇಳಿಸಿದರೆ ಯಾರೂ ಓದುವುದಿಲ್ಲ. ಕಣ್ಣಿಗೆ ಆಮ್ಲ ಸಿಡಿದ ಹುಡುಗನಿಗೆ ಆಗ ಬೇಕಾದದ್ದು ಕಾರಣವಲ್ಲ, ನೀರು.

ಆದ್ದರಿಂದ ಮೇಲೆ ಕೆಂಪು ಅಂಚಿನ ವಜ್ರಾಕೃತಿಯೊಳಗೆ, ಕೈಯನ್ನೂ ಲೋಹವನ್ನೂ ಕೊರೆಯುವ ದ್ರವದ ಚಿತ್ರ ಬರೆಯಿರಿ. ಬಾಟಲಿಯ ಲೇಬಲ್ ಯಾವ ಭಾಷೆಯಲ್ಲಿದ್ದರೂ ಈ ಗುರುತು ಒಂದೇ. ಕೆಳಗೆ ದಪ್ಪಕ್ಷರದಲ್ಲಿ: "ಟೀಚರನ್ನು ಕೂಗು. ರೆಪ್ಪೆ ಬಿಡಿಸಿ ಹರಿಯುವ ನೀರಲ್ಲಿ 20 ನಿಮಿಷ ತೊಳೆ. ಆಮೇಲೆ ಆಸ್ಪತ್ರೆ."

ಅಡುಗೆ ಸೋಡಾ ಬೇಡವೇ ಬೇಡ. ತೊಳೆಯುವುದು ತಡವಾಗುತ್ತದೆ, ಕ್ರಿಯೆಯಲ್ಲಿ ಶಾಖವೂ ಹುಟ್ಟೀತು. ನಾವು ಕಲಿಸಿದ ತಟಸ್ಥೀಕರಣವೇ ಇಲ್ಲಿ ಮಕ್ಕಳ ದಾರಿ ತಪ್ಪಿಸುತ್ತದೆ, ನೋಡಿ.

ಬರೆದಾದ ಮೇಲೆ ಏಳನೆಯ ಕ್ಲಾಸಿನವನೊಬ್ಬನಿಗೆ ತೋರಿಸಿ, "ಮೊದಲು ಏನ್ ಮಾಡ್ತೀಯಾ?" ಅಂತ ಕೇಳಿ. "ನಲ್ಲಿ ಎಲ್ಲಿದೆ ಸಾರ್?" ಅಂದನೋ, ಚಾರ್ಟನ್ನು ಅಲ್ಲಿಗೇ ಅಂಟಿಸಿ.