ಪಿಡಿಎಫ್ ಒಳಗೆ ವಿಡಿಯೋ ತುರುಕಬೇಡಿ, ಫೋನಿನಲ್ಲಿ ಅದು ಓಡಲ್ಲ

ಕೊಪ್ಪದ ಕಬ್ಬು ಬೆಳೆಗಾರರಿಗಾಗಿ ಯಾರೋ ಎರಡು ಪುಟದ ಪಿಡಿಎಫ್ ಮಾಡಿದ್ದಾರೆ ಎಂದುಕೊಳ್ಳಿ. ಕೂಳೆ ಕಬ್ಬಿನಲ್ಲಿ ತರಗನ್ನು ಸುಡದೆ ಸಾಲಿಗೆ ಹಾಸುವುದು ಹೇಗೆ ಎಂಬ ಮಾಹಿತಿ. ಜೊತೆಗೆ ಒಂದು ನಿಮಿಷದ ವಿಡಿಯೋವನ್ನೂ ಪುಟದೊಳಗೇ ಸೇರಿಸಿದ್ದಾರೆ. ಮಾಡಿದವರ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿ ಓಡುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ರೈತ ಫೋನಿನಲ್ಲಿ ತೆರೆದರೆ ಕಾಣುವುದು ಬರೀ ಒಂದು ನಿಂತ ಚಿತ್ರ. ಒತ್ತಿದರೂ ಏನೂ ಆಗುವುದಿಲ್ಲ.

ತಪ್ಪು ಫೋನಿನದಲ್ಲ, ರೈತನದೂ ಅಲ್ಲ. ಪಿಡಿಎಫ್‌ನಲ್ಲಿ ವಿಡಿಯೋ ಕೂತಿರುತ್ತದೆ ನಿಜ, ಆದರೆ ಅದನ್ನು ಓಡಿಸುವ ಕೆಲಸ ತೆರೆಯುವ ಆ್ಯಪ್‌ನದು. ಕಂಪ್ಯೂಟರಿನ ಅಡೋಬಿ ಅಕ್ರೋಬ್ಯಾಟ್ ರೀಡರ್ ಎಂಪಿ4 ವಿಡಿಯೋ, ಎಂಪಿ3 ಧ್ವನಿ ಎರಡನ್ನೂ ಓಡಿಸುತ್ತದೆ. ಕ್ರೋಮ್ ಬ್ರೌಸರ್ ಓಡಿಸುವುದಿಲ್ಲ. ಫೋನಿನಲ್ಲಿ ಗೂಗಲ್ ಡ್ರೈವ್ ಕೂಡ ಓಡಿಸುವುದಿಲ್ಲ. ಹೆಸರು ಅದೇ ಇದ್ದರೂ ಅಡೋಬಿಯ ಮೊಬೈಲ್ ಆ್ಯಪ್ ಅನ್ನೂ ನಂಬುವ ಹಾಗಿಲ್ಲ.

ಕಂಪ್ಯೂಟರಿನಲ್ಲೂ ಇದು ಶಾಶ್ವತವಲ್ಲ. ಹಿಂದೆ ಇಂಥ ವಿಡಿಯೋಗಳನ್ನು ಫ್ಲ್ಯಾಶ್ ಎಂಬ ತಂತ್ರಾಂಶವನ್ನು ನಂಬಿ ಸೇರಿಸುತ್ತಿದ್ದರು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ಅನ್ನೇ ನಿಲ್ಲಿಸಿತು. ಅದನ್ನು ನಂಬಿದ್ದ ಹಳೆಯ ಪಿಡಿಎಫ್‌ಗಳ ವಿಡಿಯೋ ಮೂಕವಾಯಿತು.

ಇದರಲ್ಲಿ ನಷ್ಟ ಓದುಗನಿಗೇ. ಬರೀ ಅಕ್ಷರವಿರುವ ಎರಡು ಪುಟ ಕೆಲವು ನೂರು ಕೆಬಿಯಲ್ಲಿ ಮುಗಿಯುತ್ತದೆ. ವಿಡಿಯೋ ಸೇರಿದರೆ ಹತ್ತಾರು ಎಂಬಿ. ನೋಡಲಾಗದ ವಿಡಿಯೋಗೂ ಅವನೇ ಡೇಟಾ ಕಟ್ಟಬೇಕು. ಎರಡೇ ಪುಟದ ಫೈಲು ಅಷ್ಟು ಭಾರ ಇದ್ದರೆ ಒಳಗೆ ಏನೋ ಅಡಗಿದೆ ಎಂದು ಅನುಮಾನಿಸಿ.

‘ಎಲ್ಲಾ ಒಂದೇ ಫೈಲಿನಲ್ಲಿ ಇದ್ದರೆ ಕಳೆದುಹೋಗಲ್ಲ’ ಎನ್ನುವವರಿದ್ದಾರೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ, ಅಕ್ರೋಬ್ಯಾಟ್ ರೀಡರ್‌ನಲ್ಲೇ ತೋರಿಸುವುದಾದರೆ ಆ ಮಾತು ಸರಿ. ಊರಿಗೆಲ್ಲಾ ಹಂಚುವ ಫೈಲಿಗೆ ಸರಿಯಲ್ಲ.

ಹಂಚುವುದಕ್ಕೆ ದಾರಿ ಸುಲಭ. ಪಿಡಿಎಫ್‌ನಲ್ಲಿ ಅಕ್ಷರ, ಚಿತ್ರ ಮಾತ್ರ ಇರಲಿ. ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕಿ, ಪುಟದ ಚಿತ್ರಕ್ಕೆ ಅದರ ಲಿಂಕ್ ಕೊಡಿ. ಕೆಳಗೆ ‘ವಿಡಿಯೋ ನೋಡಲು ಇಲ್ಲಿ ಒತ್ತಿ, ಇಂಟರ್‌ನೆಟ್ ಬೇಕು’ ಎಂದು ಬರೆಯಿರಿ. ಲಿಂಕನ್ನು ಬಹುತೇಕ ಎಲ್ಲಾ ಆ್ಯಪ್‌ಗಳೂ ತೆರೆಯುತ್ತವೆ. ಡ್ರೈವ್‌ನಲ್ಲಿ ಇಟ್ಟರೆ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡುವಂತೆ ಅನುಮತಿ ಕೊಡುವುದನ್ನು ಮರೆಯಬೇಡಿ.

ಗದ್ದೆಯಲ್ಲಿ ಸಿಗ್ನಲ್ ಸಿಗದವರಿಗಾಗಿ ಅದೇ ಮಾತನ್ನು ಧ್ವನಿಯಾಗಿ ಬೇರೆ ಕಳಿಸಿ. 64 ಕೆಬಿಪಿಎಸ್ ಎಂಪಿ3 ಆದರೆ ಒಂದು ನಿಮಿಷಕ್ಕೆ ಸುಮಾರು 480 ಕೆಬಿ ಅಷ್ಟೇ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಕೇಳಬಹುದು, ಓದಲು ಬಾರದ ಅಜ್ಜಿಗೂ ಕೇಳಿಸಬಹುದು.

ಇಷ್ಟಾದ ಮೇಲೂ ಗ್ರೂಪಿಗೆ ಹಾಕುವ ಮೊದಲು ಮನೆಯಲ್ಲಿರುವ ಹಳೇ ಆಂಡ್ರಾಯ್ಡ್ ಫೋನಿಗೆ ಒಂದು ಸಲ ಕಳಿಸಿ, ಒತ್ತಿ ನೋಡಿ. ಅಲ್ಲಿ ಓಡದ್ದನ್ನು ಊರಿಗೆ ಕಳಿಸಬೇಡಿ.