ಪದವಿಯ ಅಕ್ಷರಗಳು: ಅರ್ಥವೆಷ್ಟು, ಅಧಿಕಾರವೆಷ್ಟು?

ಹೆಸರಿನ ಮುಂದೆ ನಾಲ್ಕು ಅಕ್ಷರಗಳನ್ನು ಕಂಡೊಡನೆ ಕೈಮುಗಿಯುವುದು ನಮ್ಮ ಸಮಾಜದ ರೂಢಿ. ಆ ಅಕ್ಷರಗಳನ್ನು ಬಿಡಿಸಿ ಓದುವವರು ಮಾತ್ರ ವಿರಳ. ಬಿ.ಇ., ಎಂ.ಟೆಕ್., ಎಂ.ಬಿ.ಬಿ.ಎಸ್., ಪಿಎಚ್.ಡಿ. ಎಂಬ ಸಂಕ್ಷೇಪಗಳು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಒಂದೊಂದೂ ಒಂದು ವಾಕ್ಯವನ್ನೇ ತನ್ನೊಳಗೆ ಅಡಗಿಸಿಕೊಂಡಿದೆ. ಆ ವಾಕ್ಯವು ಎರಡು ಸಂಗತಿಗಳನ್ನು ಹೇಳುತ್ತದೆ: ಕಲಿತ ಶಾಸ್ತ್ರ ಯಾವುದು, ಏರಿದ ಮೆಟ್ಟಿಲು ಯಾವುದು. ಇವುಗಳಾಚೆಗೆ, ಕಲಿತುದನ್ನು ವೃತ್ತಿಯಾಗಿ ನಡೆಸಲು ಅನುಮತಿ ಉಂಟೇ ಎಂಬ ಪ್ರಶ್ನೆಗೆ ಅಕ್ಷರಗಳು ತಾವಾಗಿ ಉತ್ತರ ಕೊಡುವುದಿಲ್ಲ. ಜನಸಾಮಾನ್ಯರು ಎಡವುವುದು ಇಲ್ಲಿಯೇ.

ಮೆಟ್ಟಿಲುಗಳು ಮೂರು: ಬ್ಯಾಚಲರ್, ಮಾಸ್ಟರ್, ಡಾಕ್ಟರ್. ಮೊದಲನೆಯದಕ್ಕೆ ನಮ್ಮವರು ಸ್ನಾತಕ ಪದವಿಯೆಂದು ಹೆಸರಿಟ್ಟರು. ಇಂಗ್ಲಿಷಿನ ಬ್ಯಾಚಲರ್ ಶಬ್ದಕ್ಕೆ ಅವಿವಾಹಿತನೆಂಬ ಅರ್ಥವೂ ಉಂಟು. ನಮ್ಮ ಸ್ನಾತಕನಾದರೋ ಗುರುಕುಲದ ವಿದ್ಯೆಯನ್ನು ಮುಗಿಸಿ, ಸ್ನಾನಮಾಡಿ, ಗೃಹಸ್ಥಾಶ್ರಮಕ್ಕೆ ಅರ್ಹನಾದವನು. ಡಾಕ್ಟರ್ ಎಂಬ ಲ್ಯಾಟಿನ್ ಶಬ್ದದ ಮೂಲಾರ್ಥ ಬೋಧಿಸುವವನು ಎಂದು. ಚಿಕಿತ್ಸೆ ಮಾಡುವವನು ಎಂಬ ಅರ್ಥ ಅದಕ್ಕೆ ಕಾಲಾಂತರದಲ್ಲಿ ಬಂದು ಅಂಟಿಕೊಂಡಿತು.

ಇನ್ನು ಎಲ್ಲರ ಮನೆಬಾಗಿಲಿಗೂ ಸಂಬಂಧಿಸಿದ ಎಂ.ಬಿ.ಬಿ.ಎಸ್. ಪದವಿಯನ್ನೇ ಬಿಡಿಸಿ ನೋಡಬಹುದು. ಇದು ಒಂದು ಪದವಿಯಲ್ಲ, ಎರಡರ ಜೋಡಿ. ಎಂ.ಬಿ. ಎಂಬುದು ಲ್ಯಾಟಿನ್ನಿನ ಮೆಡಿಸಿನೇ ಬ್ಯಾಕಲಾರಿಯಸ್, ಅಂದರೆ ವೈದ್ಯಶಾಸ್ತ್ರದ ಸ್ನಾತಕ, ಬಿ.ಎಸ್. ಎಂಬುದು ಬ್ಯಾಚಲರ್ ಆಫ್ ಸರ್ಜರಿ, ಅಂದರೆ ಶಸ್ತ್ರಚಿಕಿತ್ಸೆಯ ಸ್ನಾತಕ. ಮೊದಲಿನಲ್ಲಿ ಎಂ ಅಕ್ಷರ ಇದೆಯೆಂದು ಇದನ್ನು ಮಾಸ್ಟರ್ ಪದವಿಯೆಂದು ತಿಳಿಯುವವರಿದ್ದಾರೆ, ಅದು ತಪ್ಪು.

ಜೋಡಿಯಾದುದಕ್ಕೆ ಚಾರಿತ್ರಿಕ ಕಾರಣವಿದೆ. ಇಂಗ್ಲೆಂಡಿನಲ್ಲಿ ಔಷಧವೈದ್ಯರು ವಿಶ್ವವಿದ್ಯಾಲಯದ ಪಂಡಿತರು. ಶಸ್ತ್ರವೈದ್ಯರು ಬೇರೊಂದು ಕಸುಬಿನವರು. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಶಸ್ತ್ರವೈದ್ಯರೂ ಕ್ಷೌರಿಕರೂ ಒಂದೇ ಸಂಘದಲ್ಲಿದ್ದರು. ಸರ್ಜರಿ ಎಂಬ ಶಬ್ದದ ಗ್ರೀಕ್ ಮೂಲದ ಅರ್ಥವೇ ಕೈಗೆಲಸ. ಈ ಎರಡು ವಿದ್ಯೆಗಳೂ ಒಬ್ಬನೇ ವೈದ್ಯನಲ್ಲಿ ಸೇರಬೇಕೆಂದು ಮುಂದೆ ಒಪ್ಪಿತವಾದಾಗ ಎರಡು ಪದವಿಗಳನ್ನೂ ಒಟ್ಟಿಗೆ ಕೊಡುವ ಪದ್ಧತಿ ನೆಲೆಗೊಂಡಿತು. ಹೀಗಿರಲಾಗಿ, ಎಂ.ಬಿ.ಬಿ.ಎಸ್. ಆದವರು ಪದವಿಯ ಲೆಕ್ಕದಲ್ಲಿ ಡಾಕ್ಟರರಲ್ಲ, ಸ್ನಾತಕರು. ಅವರನ್ನು ಡಾಕ್ಟರೆಂದು ಕರೆಯುವುದು ವೃತ್ತಿಗೌರವ.

ಈ ಅಕ್ಷರಗಳು ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಮಾಡುವ ಹಕ್ಕು ಬರುವುದೇ? ಇಲ್ಲ. ವಿದ್ಯಾರ್ಥಿಯು ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನು ಪೂರೈಸಿ ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣನಾದ ಮೇಲೆ ಅವನಿಗೆ ದೊರೆಯುವುದು ತಾತ್ಕಾಲಿಕ ನೋಂದಣಿ. ಅದರ ಬಲದಿಂದ ಅವನು ಒಂದು ವರ್ಷ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ, ಹಿರಿಯರ ಕಣ್ಗಾವಲಿನಲ್ಲಿ, ವಿಭಾಗದಿಂದ ವಿಭಾಗಕ್ಕೆ ಸರದಿಯಂತೆ ದುಡಿಯಬೇಕು. ಆ ವರ್ಷದಲ್ಲಿ ಸ್ವಂತ ದವಾಖಾನೆ ತೆರೆಯುವಂತಿಲ್ಲ. ಇಂಟರ್ನ್‌ಷಿಪ್ ಎಂಬ ಈ ಸೇವೆ ಮುಗಿದು, ವಿಶ್ವವಿದ್ಯಾಲಯ ಪದವಿ ಕೊಟ್ಟು, ರಾಜ್ಯದ ವೈದ್ಯಕೀಯ ಪರಿಷತ್ತು ತನ್ನ ಪಟ್ಟಿಯಲ್ಲಿ ಹೆಸರನ್ನು ಶಾಶ್ವತವಾಗಿ ಬರೆದುಕೊಂಡು ಒಂದು ಸಂಖ್ಯೆಯನ್ನು ಕೊಟ್ಟ ಬಳಿಕವೇ ಅವನು ಸ್ವತಂತ್ರ ವೈದ್ಯ. ವಿದ್ಯೆಗೆ ಸಾಕ್ಷಿ ಹೇಳುವುದು ವಿಶ್ವವಿದ್ಯಾಲಯ. ಅನುಮತಿ ಕೊಡುವುದು ಪರಿಷತ್ತು. ಇವೆರಡೂ ಬೇರೆ ಬೇರೆ ಕೈಗಳು.

ಈಗ ಪೇಟೆಬೀದಿಯ ಒಂದು ಫಲಕವನ್ನು ಓದೋಣ. ಅದರ ಮೇಲೆ ಒಂದು ಹೆಸರು, ಹೆಸರಿನ ಬಳಿ ಎಂ.ಡಿ. ಎಂಬ ಎರಡೇ ಅಕ್ಷರ. ಎಂ.ಡಿ. ಎಂದರೆ ವೈದ್ಯಶಾಸ್ತ್ರದ ಡಾಕ್ಟರ್. ನಮ್ಮ ದೇಶದಲ್ಲಿ ಇದು ಎಂ.ಬಿ.ಬಿ.ಎಸ್. ಆದ ಮೇಲೆ ಒಂದೇ ವಿಭಾಗದಲ್ಲಿ ಮೂರು ವರ್ಷ ದುಡಿದು ಪಡೆಯುವ ಉನ್ನತ ಪದವಿ. ಆದರೆ ಅಮೆರಿಕದಲ್ಲಿಯೂ ರಷ್ಯದಲ್ಲಿಯೂ ವೈದ್ಯನ ಮೊದಲ ಪದವಿಗೇ ಎಂ.ಡಿ. ಎಂಬ ಹೆಸರು. ರಷ್ಯದಿಂದ ಎಂ.ಡಿ. ಆಗಿ ಬಂದ ಭಾರತೀಯ ತರುಣನ ಪದವಿ ಇಲ್ಲಿ ಎಂ.ಬಿ.ಬಿ.ಎಸ್.ಗೆ ಸಾಟಿಯೇ ಹೊರತು ನಮ್ಮ ಎಂ.ಡಿ.ಗೆ ಅಲ್ಲ, 2002ರಿಂದ ಅಂಥವರು ಅರ್ಹತಾ ಪರೀಕ್ಷೆಯೊಂದನ್ನು ಗೆದ್ದೇ ನೋಂದಣಿ ಪಡೆಯಬೇಕಾಗಿದೆ. ಅಕ್ಷರ ಎರಡೇ, ಅರ್ಥವೂ ಎರಡು. ಆದುದರಿಂದ ರೋಗಿಯು ಕೇಳತಕ್ಕ ಪ್ರಶ್ನೆಗಳು: ಯಾವ ವಿಭಾಗದಲ್ಲಿ ಎಂ.ಡಿ.? ಯಾವ ವಿಶ್ವವಿದ್ಯಾಲಯದ್ದು? ನೋಂದಣಿ ಸಂಖ್ಯೆ ಎಷ್ಟು? ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕಾಗಿಯೂ ಇಲ್ಲ. ವೈದ್ಯವೃತ್ತಿಯ ನಡತೆಯ ಬಗ್ಗೆ 2002ರಲ್ಲಿ ಹೊರಟ ನಿಯಮಗಳ ಪ್ರಕಾರ ಆ ಸಂಖ್ಯೆಯು ದವಾಖಾನೆಯಲ್ಲಿ ಕಾಣುವಂತಿರಬೇಕು. ಔಷಧದ ಚೀಟಿಯಲ್ಲಿಯೂ ಹಣದ ರಸೀದಿಯಲ್ಲಿಯೂ ಅಚ್ಚಾಗಿರಬೇಕು. ಚೀಟಿಯ ಮೇಲೆ ಪದವಿಗಳ ಸಾಲೇ ಇದ್ದು ಸಂಖ್ಯೆ ಇಲ್ಲವಾದರೆ ಸಂಶಯಕ್ಕೆ ಅಷ್ಟೇ ಸಾಕು.

ಪಿಎಚ್.ಡಿ.ಯ ಸಂಗತಿ ಇದಕ್ಕೆ ತಿರುಗುಮುರುಗು. ಇವರು ಪದವಿಯಿಂದಲೇ ಡಾಕ್ಟರರು. ಫಿಲಾಸಫಿಯೇ ಡಾಕ್ಟರ್ ಎಂಬ ಲ್ಯಾಟಿನ್ ಹೆಸರಿನ ಸಂಕ್ಷೇಪವಿದು. ರಸಾಯನಶಾಸ್ತ್ರವನ್ನು ಓದಿದವರಿಗೆ ತತ್ತ್ವಶಾಸ್ತ್ರದ ಬಿರುದೇಕೆ? ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಮತಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯಶಾಸ್ತ್ರಗಳನ್ನುಳಿದ ವಿದ್ಯೆಗಳೆಲ್ಲವೂ ತತ್ತ್ವಶಾಸ್ತ್ರ ನಿಕಾಯಕ್ಕೆ ಸೇರಿದ್ದವು. ಆ ಹೆಸರೇ ಉಳಿದು ಬಂದಿದೆ. ಈ ಪದವಿಯು ಪ್ರಮಾಣೀಕರಿಸುವುದು ಬಹುವಿಷಯಗಳ ಪಾಂಡಿತ್ಯವನ್ನಲ್ಲ. ಒಂದು ಕಿರಿದಾದ ಪ್ರಶ್ನೆಯನ್ನು ಹಿಡಿದು, ಹಿಂದೆ ಯಾರೂ ಕೊಡದ ಉತ್ತರವನ್ನು ಆಧಾರಸಹಿತವಾಗಿ ಕೊಟ್ಟ ಸಾಮರ್ಥ್ಯವನ್ನು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಇದಕ್ಕೆ ಕನಿಷ್ಠ ಮೂರು ವರ್ಷ ಬೇಕು. ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರಾದರೂ ತಜ್ಞರು ಪರಿಶೀಲಿಸಬೇಕು. ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ತನ್ನ ವಾದವನ್ನು ಸಮರ್ಥಿಸಿಕೊಳ್ಳಬೇಕು. ಗೌರವ ಡಾಕ್ಟರೇಟಿಗೆ ಈ ಯಾವ ಪರೀಕ್ಷೆಯೂ ಇಲ್ಲ. ಅದು ಸನ್ಮಾನ, ಪ್ರಮಾಣಪತ್ರವಲ್ಲ.

ಬಿ.ಇ. ಎಂದರೆ ಬ್ಯಾಚಲರ್ ಆಫ್ ಎಂಜಿನಿಯರಿಂಗ್, ಬಿ.ಟೆಕ್. ಎಂದರೆ ಬ್ಯಾಚಲರ್ ಆಫ್ ಟೆಕ್ನಾಲಜಿ. ಎರಡೂ ನಾಲ್ಕು ವರ್ಷಗಳವು, ಸಮಾನವಾದವು. ಅವುಗಳಲ್ಲಿ ಯಾವುದು ಹೆಚ್ಚೆಂದು ಪಾಲಕರು ತರ್ಕಿಸುವುದು ವ್ಯರ್ಥ. ಕೊಡುವ ವಿಶ್ವವಿದ್ಯಾಲಯ ಯಾವ ಹೆಸರನ್ನು ಆರಿಸಿಕೊಂಡಿತೆಂಬುದಷ್ಟೇ ಅಲ್ಲಿನ ಭೇದ. ಎಂ.ಟೆಕ್. ಅದರ ಮೇಲಿನ ಎರಡು ವರ್ಷ. ಇಲ್ಲಿ ಮುಖ್ಯವಾದುದು ಆವರಣದೊಳಗಿನ ಶಾಖೆಯ ಹೆಸರು. ಗಣಕಯಂತ್ರದ ಬಿ.ಇ. ಆದವರನ್ನು ಮನೆಯ ತೊಲೆಯ ಬಲದ ಬಗ್ಗೆ ಕೇಳುವುದು ತರವಲ್ಲ. ವೈದ್ಯರಿಗಿರುವಂಥ ರಾಷ್ಟ್ರವ್ಯಾಪಿ ಶಾಸನಬದ್ಧ ನೋಂದಣಿ ಎಂಜಿನಿಯರರಿಗೆ ಇಲ್ಲ. ಆದ್ದರಿಂದ ಅಲ್ಲಿ ಶಾಖೆಯನ್ನೂ ಅನುಭವವನ್ನೂ ವಿಚಾರಿಸುವ ಹೊಣೆ ಕೆಲಸ ಕೊಡುವವನ ಮೇಲೆಯೇ ಬೀಳುತ್ತದೆ.

ಎಲ್ಲ ಪದವಿಗಳಿಗೂ ಆಧಾರವಾದ ಒಂದು ಶಾಸನವಿದೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯ್ದೆಯ 22ನೆಯ ಕಲಮಿನ ಪ್ರಕಾರ ಪದವಿ ಪ್ರದಾನದ ಅಧಿಕಾರವಿರುವುದು ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಪರಿಭಾವಿತ ವಿಶ್ವವಿದ್ಯಾಲಯಗಳಿಗೆ, ಸಂಸತ್ತು ವಿಶೇಷಾಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಬೇರೆ ಯಾರು ಕೊಟ್ಟರೂ ಅದು ಬರಿಯ ಕಾಗದ.

ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಚ್ಚಾಗುವಾಗ ಅಕ್ಷರಗಳ ಜೊತೆಗೆ ವಿಷಯ, ವಿಶ್ವವಿದ್ಯಾಲಯ, ವರ್ಷ ಇವಿಷ್ಟನ್ನೂ ನಮೂದಿಸುವುದು ಯುಕ್ತ. ಪಟ್ಟಿ ಒಂದೆರಡು ಪುಟ ಬೆಳೆದೀತು. ಆದರೆ ಊರಿನ ಬಾಲಕನೊಬ್ಬ ಅದನ್ನು ಓದಿ, ಯಾವ ಅಕ್ಷರ ಯಾವ ದಾರಿಯ ಕೊನೆಯಲ್ಲಿದೆಯೆಂಬುದನ್ನು ತಿಳಿದಾನು.